ಎರಡು ಹೆಸರು ಕೊಡಿ

ಪುಟ್ಟಿಗೆ ಮೂವತ್ತನಾಲ್ಕು ತುಂಬಿದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿಯೇ. ಹಿಂದಿನ ಕೋಣೆಯಲ್ಲಿ ಕೂತು ಗುಂಡಿ, ಝಿಪ್ಪು, ಲೇಸು ಪ್ಯಾಕ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದಳು. ಸರಕು ಬರುತ್ತಿದ್ದದ್ದು ಚಿಕ್ಕಪ್ಪನ ಅಂಗಡಿಯಿಂದ, ತಿಂಗಳ ಸಾಲದ ಮೇಲೆ. ಪ್ರತಿ ಬಿಲ್ಲಿನ ಹಣವನ್ನೂ ಗಡುವಿಗೆ ಮೊದಲೇ ಬ್ಯಾಂಕಿನ ಮೂಲಕ ಕಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ ಚಿಕ್ಕಪ್ಪ ಬೆನ್ನು ಹಾಕಿಕೊಂಡು ಸಗಟು ಕಂಪನಿಯವರ ಜೊತೆ ಫೋನಿನಲ್ಲಿದ್ದರು. "ಏನ್ಮಾಡ್ಲಿ ಸಾರ್, ನಮ್ಮಣ್ಣನ ಮಗಳು, ಆ ಆನ್‌ಲೈನ್‌ನೋಳು, ನಾಲ್ಕು ಬಿಲ್ ಹಾಗೇ ಉಳಿಸ್ಕೊಂಡಿದ್ದಾಳೆ. ಅವಳು ಕೊಟ್ರೆ ತಾನೆ ನಾನು ನಿಮಗೆ ಕೊಡೋದು?" ಹಿಂದಿನ ದಿನವಷ್ಟೇ ಅವಳು ಕೊನೆಯ ಬಿಲ್ಲನ್ನೂ ತೀರಿಸಿದ್ದಳು. ಹೋದ ತಿಂಗಳು ಬೇರೆ ಇಬ್ಬರು ಸಗಟು ವ್ಯಾಪಾರಿಗಳು ತನ್ನನ್ನು ನೋಡಿದ ಕೂಡಲೇ ಮುಖ ತಿರುಗಿಸಿದ್ದೇಕೆ ಎಂಬುದು ಆಗ ಅರ್ಥವಾಯಿತು. ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚಿಕ್ಕಪ್ಪ ಒಂದು ಲೋಟ ಕಾಫಿ ತರಿಸಿ, "ವ್ಯಾಪಾರದಲ್ಲಿ ಇದೆಲ್ಲ ಇದ್ದಿದ್ದೇ ಪುಟ್ಟಿ" ಎಂದು ತೇಲಿಸಿಬಿಡುತ್ತಿದ್ದರು. ಮನೆಗೆ ಬಂದು ಅದೇ ಸಗಟು ಕಂಪನಿಗೆ ಪತ್ರ ಬರೆಯಲು ಕೂತಳು.

"ಮಾನ್ಯರೇ, ಎರಡು ವರ್ಷದಿಂದ ಹೊಲಿಗೆ ಸಾಮಾನುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ನಿಮ್ಮಲ್ಲಿ ವ್ಯಾಪಾರಿ ಖಾತೆ ತೆರೆಯುವ ಆಸೆ. ಮೊದಲ ಮೂರು ಆರ್ಡರಿಗೆ ಮುಂಗಡವಾಗಿಯೇ ಹಣ ಕಟ್ಟುತ್ತೇನೆ. ಆಮೇಲೆ ಬಿಲ್ಲಿನ ತಾರೀಖಿನಿಂದ ಮೂವತ್ತು ದಿನದ ಸಾಲ ಸಿಗಬಹುದೇ? ಮಿತಿ ಎಷ್ಟು, ಬೇಗ ಕಟ್ಟಿದರೆ ರಿಯಾಯಿತಿ ಉಂಟೇ, ದಯವಿಟ್ಟು ತಿಳಿಸಿ."

ನಾಲ್ಕನೆಯ ದಿನ ಅರ್ಜಿ ನಮೂನೆ ಬಂತು. ಈಗಾಗಲೇ ಸಾಲದ ಮೇಲೆ ಸರಕು ಕೊಡುತ್ತಿರುವ ಇಬ್ಬರ ಹೆಸರು ಬೇಕು, ಅವರನ್ನು ನಾವೇ ವಿಚಾರಿಸುತ್ತೇವೆ ಎಂದಿತ್ತು. ಮೊದಲ ಹೆಸರು, ಪೆಟ್ಟಿಗೆ ಮತ್ತು ಟೇಪು ಕೊಡುವ ಪ್ಯಾಕಿಂಗ್ ಅಂಗಡಿಯವನದು. ಎರಡನೆಯದನ್ನು ಬೇಕೆಂದೇ, ಅಕ್ಷರ ದುಂಡಗೆ ಮಾಡಿ ಬರೆದಳು: ಚಿಕ್ಕಪ್ಪನದು.

"ಅವರು ಒಳ್ಳೇದು ಹೇಳ್ತಾರಾ?" ಅಮ್ಮ ಕೇಳಿದಳು.

"ಹೇಳಬಾರದು ಅಂತಾನೇ ಕೊಟ್ಟಿರೋದು."

ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಕಾಗದದ ಮೇಲೆ ಸಹಿ ಬಿದ್ದರೆ ಹೋಗುವುದಿಲ್ಲ. ಪುಟ್ಟಿ ನೇರವಾಗಿ ಸಗಟಿಗೆ ಹೋದರೆ ನಡುವಿನ ಲಾಭ ಕೈ ತಪ್ಪುತ್ತದೆಂದು ಚಿಕ್ಕಪ್ಪನಿಗೆ ಗೊತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ ಸುಮ್ಮನಿರುವುದುಂಟೇ?

ಹತ್ತು ದಿನಕ್ಕೆ ಸಾಲ ವಿಭಾಗದ ಮೇಡಂ ಕರೆಸಿದರು. ಗೋದಾಮಿನ ಮೇಲಿನ ಗಾಜಿನ ಕೋಣೆ, ಕೆಳಗೆ ರಟ್ಟಿನ ಪೆಟ್ಟಿಗೆಗಳ ರಾಶಿ.

"ನೋಡಮ್ಮ, ಒಬ್ಬರ ಅಭಿಪ್ರಾಯ ಚೆನ್ನಾಗಿದೆ. ಇನ್ನೊಬ್ಬರು ನಾಲ್ಕು ಬಿಲ್ ಬಾಕಿ ಅಂತ ಬರೆದು, ಸಹಿ ಹಾಕಿ ಸೀಲೂ ಹೊಡೆದಿದ್ದಾರೆ. ಸಾಲ ಕೊಡೋದು ಕಷ್ಟ."

ಪುಟ್ಟಿ ಚೀಲದಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಳು. ಪಕ್ಕಕ್ಕೆ ಚಿಕ್ಕಪ್ಪನ ಬಿಲ್ಲುಗಳು, ಒಂದೊಂದರ ಪಾವತಿಗೂ ಕೆಂಪು ಗೆರೆ. "ಯಾವ ನಾಲ್ಕು ಅಂತ ಕೇಳಿ ಮೇಡಂ. ಹದಿನೆಂಟು ಬಿಲ್ ಇದಾವೆ, ಹದಿನೆಂಟೂ ಕಟ್ಟಿದೀನಿ."

ಮೇಡಂ ಕನ್ನಡಕ ಏರಿಸಿ ಒಂದೊಂದೇ ತಾರೀಖು ನೋಡಿದರು. ಆಮೇಲೆ ಕಂಪ್ಯೂಟರಿನಲ್ಲಿ ಚಿಕ್ಕಪ್ಪನ ಖಾತೆ ತೆರೆದರು. ಮುಖ ಗಡುಸಾಯಿತು. "ನೀವು ಕಟ್ಟಿಲ್ಲ ಅಂತ ಇವರು ನಮ್ಮತ್ರ ಮೂರು ಸಲ ಗಡುವು ಕೇಳಿದ್ದಾರೆ."

"ನನ್ನ ದುಡ್ಡು ಅವರ ಗಲ್ಲಾದಲ್ಲಿತ್ತು ಮೇಡಂ. ನಾನು ಕಳ್ಳಿ ಅನ್ನೋ ಹೆಸರು ಮಾತ್ರ ಮಾರ್ಕೆಟ್ ತುಂಬಾ ಓಡಾಡ್ತಿತ್ತು." ಅವಳಿಗೆ ಸುಖವಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ? ಇಷ್ಟು ದಿನ ಹಲ್ಲು ಕಚ್ಚಿ ಕಾದದ್ದು ಈ ಗಳಿಗೆಗೇ.

ಮೂರು ಮುಂಗಡದ ಆರ್ಡರುಗಳು ಮುಗಿದವು. ಮೂವತ್ತು ದಿನದ ಸಾಲ, ಚಿಕ್ಕ ಮಿತಿ, ಆರು ತಿಂಗಳ ಮೇಲೆ ಮತ್ತೆ ಪರಿಶೀಲನೆ ಎಂದು ಪತ್ರ ಬಂತು. ಪುಟ್ಟಿ ಅದನ್ನು ಪ್ಯಾಕಿಂಗ್ ಮೇಜಿನ ಎದುರು ಗೋಡೆಗೆ ಅಂಟಿಸಿದಳು. ಅದೇ ವಾರ ಚಿಕ್ಕಪ್ಪನ ಫೋನ್ ಬಂತು.

"ಪುಟ್ಟಿ, ನನ್ನ ಸಾಲ ನಿಲ್ಲಿಸಿಬಿಟ್ರು ಕಣೇ! ಹಳೇದು ಪೂರ್ತಿ ತೀರಿಸಿ, ಹೊಸದಕ್ಕೆ ಮುಂಗಡ ಕಟ್ಟಿದ್ರೇನೇ ಸರಕಂತೆ. ನೀನೇನಾದ್ರೂ ಹೇಳಿದ್ಯಾ?"

"ನಾನೇನು ಹೇಳ್ಲಿ ಚಿಕ್ಕಪ್ಪ? ನೀವೇ ಬರೆದು ಸೀಲ್ ಹೊಡೆದಿದ್ರಲ್ಲ."

ಚಿಕ್ಕಪ್ಪನ ದನಿ ಬೆಣ್ಣೆಯಾಯಿತು. "ಆಗಿದ್ದು ಆಯ್ತು ಬಿಡಮ್ಮ. ಅಂಗಡೀಲಿ ಶರ್ಟಿನ ಬಿಳಿ ಗುಂಡಿ ಒಂದೂ ಇಲ್ಲ. ಎದುರಿನ ದರ್ಜಿ ದಿನಾ ಬಂದು ಕೇಳ್ತಾನೆ. ನಿನ್ನತ್ರ ಇದ್ರೆ ಇಪ್ಪತ್ತು ಡಬ್ಬಿ ಕೊಡು. ಒಂದು ತಿಂಗಳಲ್ಲಿ ಕೊಟ್ಬಿಡ್ತೀನಿ."

ಪುಟ್ಟಿ ಕಾಲ ಬಳಿಯಿದ್ದ ಬಿಳಿ ಗುಂಡಿಯ ಡಬ್ಬಿಗಳನ್ನು ನೋಡಿದಳು. ಸರಿಯಾಗಿ ನಲವತ್ತಿದ್ದವು.

"ಅದಕ್ಕೇನಂತೆ ಚಿಕ್ಕಪ್ಪ, ಕೊಡೋಣ. ಒಂದು ಅರ್ಜಿ ಬರೆದು ಕಳಿಸಿ. ನಿಮಗೆ ಸಾಲ ಕೊಡ್ತಿರೋರು ಇಬ್ಬರ ಹೆಸರೂ ಇರ್ಲಿ. ನಾನು ವಿಚಾರಿಸಿ ಹೇಳ್ತೀನಿ."