ಕೆರೆ ಕಡೆಯ ಗಾಳಿ

ಅತ್ತಿಗೆ ಬೆಚ್ಚಗಿನ ಸೋಪಿನ ನೀರಲ್ಲಿ ನಾದಿನಿಯ ಸ್ಪೇಸರ್ ಅದ್ದಿ ತೊಳೆಯುತ್ತಿದ್ದಳು. ಇನ್‌ಹೇಲರಿಗೆ ಸಿಕ್ಕಿಸಿಕೊಂಡು ಔಷಧಿ ಎಳೆದುಕೊಳ್ಳುವ ಪ್ಲಾಸ್ಟಿಕ್ ಕೊಳವೆ ಅದು. ಬಟ್ಟೆಯಲ್ಲಿ ಒರೆಸುವಂತಿಲ್ಲ, ತಾನಾಗಿ ಒಣಗಬೇಕು. ನೀರು ಕೊಡವಿ ತಟ್ಟೆಗಳ ಪಕ್ಕ ನಿಲ್ಲಿಸಿದಳು. ಬೇರೆ ದಿನವಾಗಿದ್ದರೆ ನಾದಿನಿ, "ಪಾತ್ರೆ ಜೊತೆ ನನ್ನ ಪುಪ್ಪುಸಾನೂ ತೊಳೆದುಬಿಡಿ ಅತ್ತಿಗೆ," ಅನ್ನುತ್ತಿದ್ದಳು. ಇವತ್ತು ಮೇಜಿಗೆ ಒರಗಿ ಸುಮ್ಮನೆ ಕೂತಿದ್ದಳು.

ಇಬ್ಬರೂ ಒಂದೇ ಓಟದ ಗುಂಪಿನವರು. ಗುಂಪನ್ನು ನಡೆಸುವವರು ಸೀಟಿ ಸರ್. ಸ್ನಾನಕ್ಕೆ ಹೋಗುವಾಗಲೂ ಕೊರಳಿನ ಸೀಟಿ ತೆಗೆಯುವುದಿಲ್ಲ ಎಂದು ಅವರ ಹೆಂಡತಿಯೇ ಆಡಿಕೊಂಡಿದ್ದರು. ಬೇರೆ ಯಾವುದರಲ್ಲಿ ಸಡಿಲ ಬಿಟ್ಟರೂ ಗಾಳಿಯ ವಿಷಯದಲ್ಲಿ ಅವರು ಬಿಡುತ್ತಿರಲಿಲ್ಲ. ಹೊರಡುವ ಮುಂಚೆ ಮೊಬೈಲಿನಲ್ಲಿ ಗಾಳಿ ಎಷ್ಟು ಕೆಟ್ಟಿದೆ ಎಂಬ ಸೂಚ್ಯಂಕ ನೋಡಬೇಕು. ಓಡುವ ರಸ್ತೆಗೆ ಹತ್ತಿರದ, ಗಾಳಿ ಅಳೆಯುವ ಕೇಂದ್ರದ್ದೇ ಆಗಬೇಕು, ಇಡೀ ದಿನದ ಸರಾಸರಿಯಲ್ಲ, ಆ ಗಂಟೆಯದು. ನೂರು ದಾಟಿದರೆ ಉಬ್ಬಸದವರು ಮನೆಯಲ್ಲಿ. ನೂರೈವತ್ತು ದಾಟಿದರೆ ಎಲ್ಲರೂ ಮನೆಯಲ್ಲಿ. "ಚಳಿಗಾಲದ ಬೆಳಗ್ಗೆ ಹೊಗೆ ಮೇಲೆ ಹೋಗಲ್ಲ, ನೆಲ ಕಚ್ಚಿಕೊಂಡು ಕೂತಿರುತ್ತೆ. ಓಡೋನು ನಡೆಯೋನಿಗಿಂತ ಎಷ್ಟೋ ಪಾಲು ಹೆಚ್ಚು ಗಾಳಿ ಕುಡೀತಾನೆ," ಅನ್ನುತ್ತಿದ್ದರು.

ಆ ಸೂಚ್ಯಂಕ ನೋಡಿ ಮೊಬೈಲಿನಲ್ಲಿ ಗುಂಪಿಗೆ ಬರೆಯುವ ಕೆಲಸ ಅತ್ತಿಗೆಯದು. "ಮಾತು ಕಮ್ಮಿ, ಕಣ್ಣು ಚುರುಕು," ಎಂದು ಸರ್ ತಾವಾಗಿಯೇ ವಹಿಸಿದ್ದರು. ಅಲ್ಲಿಯವರೆಗೆ ಯಾರೂ ಅವಳನ್ನು ನಂಬಿ ಇಂಥದ್ದೊಂದನ್ನು ಕೊಟ್ಟಿರಲಿಲ್ಲ.

ಇವತ್ತು ರಿಲೇ ತಂಡದ ಕೊನೆಯ ಜಾಗಕ್ಕೆ ಆಯ್ಕೆ ಓಟ. ಸ್ಪರ್ಧೆ ಅತ್ತಿಗೆಗೂ ಅದೇ ಗುಂಪಿನಲ್ಲಿ ಓಡುವ ಬೇಕರಿಯವಳಿಗೂ. ಹೆಸರು ಕೊಡಲು ಇವತ್ತೇ ಕೊನೆ. ಓಟ ನಿಂತರೆ ಹಿಂದಿನ ತಿಂಗಳ ಓಟವೇ ಲೆಕ್ಕಕ್ಕೆ, ಅದರಲ್ಲಿ ಬೇಕರಿಯವಳು ಮುಂದಿದ್ದಳು.

ಬೆಳಗ್ಗೆ ನೋಡಿದಾಗ ಓಡುವ ರಸ್ತೆಗೆ ಹತ್ತಿರದ, ಬಸ್ ಡಿಪೋ ಪಕ್ಕದ ಕೇಂದ್ರ ನೂರ ಅರವತ್ತೆರಡು ತೋರಿಸುತ್ತಿತ್ತು. ಅಂದರೆ ಓಟವೇ ಇಲ್ಲ. ಬೆರಳು ತಾನಾಗಿ ಕೆಳಗೆ ಜಾರಿತು. ಊರಿನ ಆ ತುದಿ, ಕೆರೆಯ ಹತ್ತಿರ, ತೊಂಬತ್ತೆರಡು. 'ಗಾಳಿ 92. ಓಡಬಹುದು,' ಎಂದು ಬರೆದಳು. ಸುಳ್ಳೇನೂ ಅಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಾದಿನಿ ಶೂ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತಿಗೆ, ನಾನೂ ಬರ್ಲಾ?"

ಬೇಡ ಅನ್ನಬಹುದಿತ್ತು. ಅಂದರೆ ಯಾಕೆ ಎಂದು ಕೇಳುತ್ತಾಳೆ. "ಬಾ, ನೂರರೊಳಗೇ ಇದೆ," ಅಂದಳು.

ಎರಡನೇ ಸುತ್ತಿನಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು. ಯಾರದೆಂದು ಅವಳಿಗೆ ಗೊತ್ತು; ಒಂದೇ ಮನೆಯಲ್ಲಿ ಮಲಗುವವರ ಕೆಮ್ಮು ಗೊತ್ತಾಗದೆ ಇರುತ್ತದೆಯೇ? ಬೇಕರಿಯವಳು ನಿಂತು ತಿರುಗಿದಳು. ಅತ್ತಿಗೆ ತಿರುಗಲಿಲ್ಲ. ಗೆರೆ ಮುಟ್ಟಿದ ಮೇಲೆಯೇ ಹಿಂದಕ್ಕೆ ನೋಡಿದ್ದು. ನಾದಿನಿ ಕಲ್ಲುಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು, ಉಸಿರಿಗೊಮ್ಮೆ ಪಕ್ಕೆಲುಬಿನ ಸಂದು ಒಳಗೆಳೆದುಕೊಳ್ಳುತ್ತಿತ್ತು. ಸ್ಪೇಸರನ್ನು ಅವಳ ಬಾಯಿಗೆ ಹಿಡಿದು ಕೂತಿದ್ದವಳು ಬೇಕರಿಯವಳು. ಆಮೇಲೆ ಕ್ಲಿನಿಕ್ಕಿಗೆ ಕರೆದೊಯ್ದು ಮಾಸ್ಕ್ ಹಾಕಿಸಿ ಔಷಧಿಯ ಹಬೆ ಕೊಡಿಸಬೇಕಾಯಿತು.

ಕ್ಲಿನಿಕ್ಕಿನ ಬಾಗಿಲಲ್ಲಿ ಸೀಟಿ ಸರ್, "ಗಾಳಿ ಸರಿಯಾಗಿ ನೋಡಿದ್ಯೇನಮ್ಮಾ?" ಎಂದು ಕೇಳಿದರು.

ಮಾಸ್ಕ್ ಸರಿಸಿ ನಾದಿನಿಯೇ ಅಂದಳು: "ತಪ್ಪು ನಂದು ಸರ್. ಓಡೋಕೆ ಮುಂಚೆ ಪಫ್ ತಗೊಳ್ಳೋದು ಮರೆತೆ."

ಸರ್ ತಲೆಯಾಡಿಸಿದರು. ಹೋಗುವಾಗ ಅತ್ತಿಗೆಯ ಹೆಗಲು ತಟ್ಟಿ, "ಜಾಗ ನಿಂದೇ," ಅಂದರು. ಆ ತಟ್ಟಿದ ಜಾಗ ಮನೆ ಸೇರುವವರೆಗೂ ಉರಿಯುತ್ತಿತ್ತು.

ಈಗ ಅಡುಗೆಮನೆಯಲ್ಲಿ ಅತ್ತಿಗೆ ಕೈ ಒರೆಸಿಕೊಂಡಳು. "ಪಫ್ ಯಾಕೆ ಮರೆತೆ?"

"ಮರೆತಿರಲಿಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತಿಗೆ ಅದನ್ನು ಬಿಗಿ ಮಾಡಿದಳು. ಬಿಗಿಯಾಗಿದ್ದರೂ ಇನ್ನಷ್ಟು ತಿರುಗಿಸಿದಳು.

"ಡಿಪೋದ್ದು ನಾನೂ ನೋಡಿದ್ದೆ ಅತ್ತಿಗೆ," ಅಂದಳು ನಾದಿನಿ. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನನ್ನ ಮೊಬೈಲೇ ಹಳೇದು ತೋರಿಸ್ತಿದೆ ಅಂದ್ಕೊಂಡೆ. ನೀವು ನೂರರೊಳಗೆ ಅಂದ್ರಲ್ಲ. ಆಮೇಲೆ ಮಾಸ್ಕ್ ಹಾಕ್ಕೊಂಡು ಕೂತಾಗ ಕೆರೆ ಕಡೇದು ನೋಡ್ದೆ."

ಅತ್ತಿಗೆಗೆ ಅವಳ ಮುಖ ನೋಡಲಾಗಲಿಲ್ಲ. ಒಲೆಯ ಕಡೆ ತಿರುಗಿ ನಿಂತು ಮೊಬೈಲ್ ತೆಗೆದಳು. ಗುಂಪಿನಲ್ಲಿ ಬೇಕರಿಯವಳು ಬರೆದಿದ್ದಳು: 'ನಾದಿನಿ ಹೇಗಿದ್ದಾಳೆ? ಬನ್ ಕಳಿಸ್ಲಾ? ಸೋತೋಳ ಕೈಯ ಬನ್ ಮೆತ್ತಗಿರುತ್ತೆ.'

ಅತ್ತಿಗೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. 'ಡಿಪೋ ಹತ್ತಿರ 162 ಇತ್ತು. ಗೊತ್ತಿದ್ದೂ ಕೆರೆ ಕಡೆಯದು ಹಾಕಿದೆ. ಜಾಗ ಬೇಕರಿಯವಳದು.'

ಕಳಿಸಿದ ಮರುಕ್ಷಣ ಮೇಜಿನ ಮೇಲೆ ನಾದಿನಿಯ ಮೊಬೈಲೂ ಸದ್ದು ಮಾಡಿತು. ಅವಳು ಓದಿ, ಮೊಬೈಲನ್ನು ಮಗುಚಿಟ್ಟಳು. ಎಲ್ಲರೂ ಓದಿದ ಗುರುತು ಒಬ್ಬೊಬ್ಬರದಾಗಿ ಬಂತು. ಸೀಟಿ ಸರ್ ಏನೋ ಬರೆಯತೊಡಗಿ ನಿಲ್ಲಿಸಿದ್ದು ಕಾಣಿಸಿತು.

ಅತ್ತಿಗೆ ಇನ್ನೊಂದು ಸಾಲು ಹಾಕಿದಳು: 'ನಾಳೆಯಿಂದ ಬೇರೆ ಯಾರಾದ್ರೂ ಗಾಳಿ ನೋಡಿ ಹೇಳ್ತೀರಾ?'