ಮೂರನೇ ಪ್ಯಾರಾ

ತೀರ್ಪನ್ನು ಕೊನೆಯ ಸಾಲಿಗೆ ಇಟ್ಟರೇ ವಿಮರ್ಶೆಗೆ ಗತ್ತು ಎಂದು ನಂಬಿದ್ದ ವಿಮರ್ಶಕ ಮಹಾಶಯರು, ಬರಿಗಾಲಲ್ಲಿ ನಡೆದರೆ ಬಿಪಿ ಮಾಯ ಎನ್ನುವ ಪುಸ್ತಕದ ಬಗ್ಗೆ ಬರೆಯುವಾಗಲೂ ಆ ಹಠ ಬಿಡಲಿಲ್ಲ. ಭಾಷೆ ನೀರು ಕುಡಿದಷ್ಟು ಸಲೀಸು ಎಂದು ಮೊದಲ ಪ್ಯಾರಾದಲ್ಲಿ ಹೊಗಳಿದರು. ಎರಡನೆಯದರಲ್ಲಿ ಪುಸ್ತಕದ ವಾದವನ್ನು ಚೆಂದವಾಗಿ ಬಿಡಿಸಿಟ್ಟರು. ಮೂರನೆಯದರಲ್ಲಿ ಲೇಖಕರ ಜನ್ಮ ಜಾಲಾಡಿದರು: ಪುರಾವೆ ಎಂದರೆ ಅವರ ಷಡ್ಡಕ ಮತ್ತು ಪಕ್ಕದ ಮನೆಯವರು, ಅಷ್ಟೇ. ಇಬ್ಬರೂ ಮಾತ್ರೆಯನ್ನೂ ನುಂಗುತ್ತಿದ್ದರು, ಹಾಗಾಗಿ ಬಿಪಿ ಇಳಿಸಿದ್ದು ನಡಿಗೆಯೋ ಮಾತ್ರೆಯೋ ದೇವರಿಗೇ ಗೊತ್ತು. ದಯವಿಟ್ಟು ಕೊಳ್ಳಬೇಡಿ.

ಭಾನುವಾರದ ಪುಟಕ್ಕೆ ಕೊನೇ ಗಳಿಗೆಯಲ್ಲಿ ಹಾಸಿಗೆಯ ಜಾಹೀರಾತು ಬಂತು. ಜಾಗ ಸಾಲದೆ ಉಪಸಂಪಾದಕರು ಎಂದಿನಂತೆ ಕೆಳಗಿನಿಂದ ಕತ್ತರಿಸಿದರು. ಮೂರನೇ ಪ್ಯಾರಾ ಹಾರಿಹೋಯಿತು.

ಪತ್ರಿಕೆ ನೋಡಿ ಕೆಂಡಾಮಂಡಲವಾದ ವಿಮರ್ಶಕರು ಫೋನ್ ಮಾಡಿದರೆ, “ಮುಖ್ಯವಾದದ್ದನ್ನ ಯಾರಾದ್ರೂ ಕೊನೇಲಿ ಬರೀತಾರಾ ಸಾರ್?” ಎಂದರು ಉಪಸಂಪಾದಕರು.

ಸಂಜೆ ತಂಗಿಯ ಫೋನು. “ಅಣ್ಣಾ, ನೀನು ಅಷ್ಟು ಹೊಗಳಿದ್ಯಲ್ಲ ಅಂತ ಬೆಳಿಗ್ಗೇನೇ ಪುಸ್ತಕ ತಂದೆ. ನಿಜವಾಗ್ಲೂ ಸಲೀಸು, ಕೂತಲ್ಲೇ ಓದಿ ಮುಗಿಸ್ದೆ.”

“ಆಮೇಲೆ?”

“ಆಮೇಲೇನು, ನಮ್ಮನೆಯವರ ಬಿಪಿ ಮಾತ್ರೆನೆಲ್ಲ ಕಸದ ಬುಟ್ಟಿಗೆ ಹಾಕ್ದೆ.”