ಹಸುಪುಡಿ

ಮಾಳಮ್ಮ ಆ ಸೋಮವಾರ ಶಿಕಾರಿಪುರದ ದನದ ಆಸ್ಪತ್ರೆಗೆ ಬಂದಾಗ ಸೆರಗಿನ ಮರೆಯಲ್ಲಿ ಒಂದು ಬಾಟ್ಲಿ ಹಿಡಿದಿದ್ದಳು. ಆಸ್ಪತ್ರೆಯಲ್ಲಿ ಕಂಪೌಂಡರ್ ಆದ ನಾನೊಬ್ಬನೇ ಇದ್ದೆ. ಸೊರಬದಲ್ಲಿ ಡಾಕ್ಟರ ಜಾಗ ಖಾಲಿ ಬಿದ್ದು ಒಂದು ವರ್ಷವಾಗಿತ್ತು. ನಮ್ಮ ಡಾಕ್ಟರ್ ಗೋಪಾಲಪ್ಪನವರೇ ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಎರಡು ದಿನ ಅಲ್ಲಿನ ದನಕರು ನೋಡಿ, ಬುಧವಾರ ಬರುತ್ತಿದ್ದರು.

ಮಾಳಮ್ಮ, ಅವಳ ಗಂಡ ಸಣ್ಣಬೀರಪ್ಪ ಉಡುತಡಿಯವರು. ಗದ್ದೆ ಕೊಯ್ಲಾದ ಮೇಲೆ ಕುರಿ ಹೊಡೆದುಕೊಂಡು ಬಂದು ಈಸೂರಿನ ಗದ್ದೆಗಳಲ್ಲಿ ತಂಗಿಸುತ್ತಿದ್ದರು. ಕುರಿಯ ಜೊತೆ, ರಾತ್ರಿ ಕಾವಲಿಗೆ, ಚಿಗರಿ ಎಂಬ ಹೆಣ್ಣುನಾಯಿ. ಎಂಟು ವರ್ಷದ್ದು. ಮಕ್ಕಳಿಲ್ಲದ ಮನೆ, ಆ ನಾಯಿಯನ್ನು ಅವಳು ಹೆಂಗೆ ಸಾಕಿದ್ದಳು ಅನ್ನುವುದನ್ನು ನಾನು ಹೇಳುವುದಕ್ಕಿಂತ, ಶನಿವಾರ ಅದನ್ನು ತೋರಿಸಲು ಬಂದಾಗ ಅವಳು ಆಡಿದ ಮಾತೇ ಹೇಳುತ್ತೇನೆ.

"ಡಾಕ್ಟ್ರೇ, ಇದು ನೀರು ಕುಡಿಯೋದು ನೋಡಿದ್ರೆ ನನಗೇ ಬಾಯಿ ಒಣಗತೈತಿ. ಕೊಡ ಇಟ್ರೆ ಕೊಡ ಖಾಲಿ. ಉಣ್ಣೋದೂ ಉಣ್ಣತೈತಿ, ಮೈ ಮಾತ್ರ ನೋಡ್ರಿ, ಬೆನ್ನು ಮುಟ್ಟಿದ್ರೆ ಬಾಚಣಿಗೆ ಮುಟ್ಟಿದಂಗೆ ಆಗತೈತಿ. ಊರವರು ಹುಚ್ಚು ಹಿಡದೈತಿ, ಹೊಡದು ಹಾಕ್ರಿ ಅಂತಾರ."

"ಹುಚ್ಚುನಾಯಿಗೆ ನೀರು ಇಳಿಯಲ್ಲ ತಾಯಿ. ಇದು ಬೇರೆ," ಎಂದರು ಡಾಕ್ಟರು. "ಬೆದೆಗೆ ಬಂದಿತ್ತಾ ಈಚೆಗೆ?"

"ದೀಪಾವಳಿ ಆದ ಮ್ಯಾಲೆ ಬಂದಿತ್ತು."

ಬೆದೆ ಮುಗಿದ ಹೆಣ್ಣುನಾಯಿಗೆ ಬರುವ ಕಾಯಿಲೆಯೊಂದರ ಗುಮಾನಿ ಇದ್ದವರಂತೆ ಅವರು ತಲೆಯಾಡಿಸಿದರು. ಉಚ್ಚೆ ಹಿಡಿದು ತರಲು ಹೇಳಿದರು. ಸೋಮವಾರ ಸೊರಬಕ್ಕೆ ಹೊರಡುವ ಮೊದಲು ನನಗೆ ಹೇಳಿದ್ದನ್ನು ನಾನು ಇವತ್ತಿಗೂ ಅಕ್ಷರ ಬಿಡದೆ ಒಪ್ಪಿಸಬಲ್ಲೆ: "ಮಾಸ್ತಪ್ಪ, ಆಕೆ ತಂದದ್ದನ್ನ ನೀಲಿ ನೀರಲ್ಲಿ ಕುದಿಸಿ ನೋಡಿ. ಸಕ್ಕರೆ ಕಂಡರೆ ಪುಡಿ ಮೇಲೂ ಒಂದು ಹನಿ ಹಾಕಿ. ಅದು ನೇರಳೆಗೆ ತಿರುಗಿದರೆ ಸೊರಬದ ಬಸ್ಸಿನವನ ಕೈಯಲ್ಲಿ ಚೀಟಿ ಕಳಿಸಿ. ನಾನು ಅವತ್ತೇ ಬರ್ತೀನಿ."

ನಾನು ಶಾಲೆ ಬಿಟ್ಟವನು. ಈ ಕೆಲಸವನ್ನೆಲ್ಲ ಕಣ್ಣಲ್ಲಿ ನೋಡಿ, ಕೈಯಲ್ಲಿ ಮಾಡಿ ಕಲಿತೆ. ಕಲಿತೆ ಎಂಬ ಸೊಕ್ಕೂ ಇತ್ತು.

ಸೋಮವಾರ ಮಾಳಮ್ಮ ಬಾಟ್ಲಿಯನ್ನು ಮೇಜಿನ ಮೇಲೆ ಇಟ್ಟು ನಕ್ಕಳು. "ಕೋಲಿಗೆ ಕರಟ ಕಟ್ಟಿ ಇದರ ಹಿಂದೆ ಓಡಿದೆ ಕಾಂಪೋಡ್ರಣ್ಣ. ಅದು ಕೂತ್ರೆ ನಾನೂ ಕೂರೋದು, ಅದು ಎದ್ರೆ ನಾನೂ ಏಳೋದು. ನಮ್ಮೋನು ನೋಡಿ, ನಿಂಗೇ ಹುಚ್ಚು ಹಿಡದೈತಿ ಅಂದ."

ಉಚ್ಚೆ ನೀರಿನ ಹಾಗೆ ತೆಳ್ಳಗಿತ್ತು. ಬಣ್ಣವೇ ಇಲ್ಲ. ಮೊದಲು ಎತ್ತರದ ಗಾಜಿಗೆ ಸುರಿದು ತೇಲುಗಾಜು ಬಿಟ್ಟೆ. ಬರಿ ನೀರಿನಲ್ಲಿ ಅದು ಸಾವಿರದ ಗೆರೆಗೆ ಮುಳುಗುತ್ತದೆ, ಉಚ್ಚೆ ಭಾರವಾದಷ್ಟೂ ಮೇಲೆ ನಿಲ್ಲುತ್ತದೆ. ಇಷ್ಟು ನೀರು ಕುಡಿಯುವ ನಾಯಿಯದು ಸಾವಿರದ ಐದೋ ಹತ್ತೋ ಇರಬೇಕು. ಸಾವಿರದ ನಲವತ್ತು ತೋರಿಸಿತು. ಬರೆದುಕೊಂಡೆ.

ಆಮೇಲೆ ಕೊಳವೆಗೆ ಬೆನೆಡಿಕ್ಟಿನ ನೀಲಿ ನೀರು ಒಂದು ಚಮಚದಷ್ಟು ಹಾಕಿ, ಎಂಟು ಹನಿ ಉಚ್ಚೆ ಬಿಟ್ಟು, ಕುದಿಯುವ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದೆ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಚೂರು ಇದ್ದರೆ ಹಸಿರು, ಇನ್ನಷ್ಟಿದ್ದರೆ ಹಳದಿ, ಕಿತ್ತಳೆ. ಚಿಗರಿಯದು ಹಸಿರಿನಲ್ಲಿ ನಿಲ್ಲಲಿಲ್ಲ, ಹಳದಿಯಲ್ಲೂ ನಿಲ್ಲಲಿಲ್ಲ. ಕೊಳವೆಯ ತಳದಲ್ಲಿ ಇಟ್ಟಿಗೆಪುಡಿ ಸುರಿದಂತೆ ಕೆಂಪಾಗಿ ಕೂತಿತು.

ಪುಡಿಯ ಡಬ್ಬಿಗೆ ಕೈ ಹಾಕಬೇಕಿತ್ತು. ಅಷ್ಟರಲ್ಲಿ ಬಾಟ್ಲಿ ಕಣ್ಣಿಗೆ ಬಿತ್ತು. ಅದರ ಕತ್ತಿನ ಒಳಗೆ ಕಂದು ಅಂಟು. ಮೂಗಿಗೆ ಹಿಡಿದೆ.

"ಏನಿತ್ತು ತಾಯಿ ಇದರಾಗೆ?"

"ಜೇನುತುಪ್ಪ. ಸೊರಬದಿಂದ ನಮ್ಮ ಅಕ್ಕ ಕಳಿಸಿದ್ಲು. ತೊಳದೀನಿ ಅಣ್ಣ, ಎರಡು ಸರ್ತಿ."

ನನಗೆ ಎಷ್ಟು ಹಗುರಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ. "ಸಿಹಿ ನಿನ್ನ ನಾಯಿದಲ್ಲ ಮಾಳಮ್ಮ, ನಿಮ್ಮಕ್ಕಂದು. ಜೇನಿನ ಬಾಟ್ಲೀಲಿ ಉಚ್ಚೆ ತಂದ್ರೆ ನನ್ನ ನೀಲಿ ನೀರು ಏನು ಮಾಡಬೇಕು?"

ಅವಳೂ ನಕ್ಕಳು. ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು.

ಆ ಪುಡಿಯನ್ನು ನಾನೂ ಡಾಕ್ಟರೂ ಹಸುಪುಡಿ ಅನ್ನುತ್ತಿದ್ದೆವು. ಕರು ಹಾಕಿದ ಹಸು ಮೇವು ಬಿಟ್ಟಾಗ ಅದರ ಹಾಲೋ ಉಚ್ಚೆಯೋ ಒಂದು ಹನಿ ಹಾಕಿ, ಕೀಟೋನ್ ಎಂಬ ವಿಷ ಇದೆಯೇ ನೋಡುವುದಕ್ಕೆ ಇಟ್ಟದ್ದು. ಡಬ್ಬಿಯ ಮೇಲೆ ನಾನೇ ಹಸುವಿನ ತಲೆ ಬರೆದು ಅಂಟಿಸಿದ್ದೆ. ಸಕ್ಕರೆಗೆ ಜೇನಿನ ಕಾರಣ ಸಿಕ್ಕ ಮೇಲೆ ನಾಯಿಯ ಉಚ್ಚೆಗೆ ಹಸುಪುಡಿ ಯಾಕೆ ಅನ್ನಿಸಿತು. ಮಿಕ್ಕ ಉಚ್ಚೆಯನ್ನು ಹಿತ್ತಲಿಗೆ ಚೆಲ್ಲಿ, ಬಾಟ್ಲಿಯನ್ನು ಬಿಸಿನೀರಲ್ಲಿ ತೊಳೆದು ಅವಳ ಕೈಗೆ ಕೊಟ್ಟೆ. ಡಾಕ್ಟರು ಬರುವ ದಿನ, ಬುಧವಾರ, ಇನ್ನೊಮ್ಮೆ ತಾ ಅಂದೆ.

ಬಾಗಿಲಲ್ಲಿ ನಿಂತು ಕೇಳಿದಳು: "ಉಷ್ಣಕ್ಕೇ ಹಿಂಗೆ ಕುಡೀತಿರಬೇಕು. ಬೆಲ್ಲದ ನೀರು ಕೊಡ್ಲಾ?"

"ಕೊಡು. ತಂಪಾಗತೈತಿ," ಅಂದೆ.

ಬುಧವಾರ ಹನ್ನೊಂದಕ್ಕೆ ಡಾಕ್ಟರು ಸೊರಬದಿಂದ ಬಂದು ಕೈಕಾಲು ತೊಳೆದು ರಿಜಿಸ್ಟರು ತೆಗೆದರು. ನಾನು ಜೇನಿನ ಕತೆಯನ್ನು ರಸವತ್ತಾಗಿ ಹೇಳುತ್ತಿದ್ದೆ. ಅವರು ನಗಲಿಲ್ಲ. ಬೆರಳು ಒಂದು ಅಂಕಿಯ ಮೇಲೆ ನಿಂತಿತ್ತು.

"ಈ ಸಾವಿರದ ನಲವತ್ತು ಯಾವುದು?"

"ಅದೇ ಸಾರ್, ಜೇನು ಸೇರಿತ್ತಲ್ಲ."

"ಬಾಟ್ಲಿ ಕತ್ತಲ್ಲಿ ಅಂಟಿದ ಜೇನು ನೀಲಿ ನೀರನ್ನ ಕೆಂಪು ಮಾಡಬಹುದು ಮಾಸ್ತಪ್ಪ. ತೇಲುಗಾಜನ್ನ ಅಷ್ಟು ಮೇಲಕ್ಕೆ ಎತ್ತಬೇಕಾದರೆ ಅರ್ಧ ಪಾವಾದರೂ ಜೇನು ಸುರೀಬೇಕು. ನೀರಿನಂಗೆ ತೆಳ್ಳಗಿದ್ದು ಇಷ್ಟು ಭಾರ ಅಂದ್ರೆ ಸಕ್ಕರೆ ಒಳಗಿಂದಲೇ ಬಂದಿದ್ದು." ರಿಜಿಸ್ಟರು ಮುಚ್ಚಿದರು. "ಪುಡಿ ಏನಾಯ್ತು?"

"ಹಾಕಲಿಲ್ಲ."

"ಜೇನಿಗೆ ಆ ಪುಡಿ ನೇರಳೆ ಆಗಲ್ಲ. ಜೇನು ಹೌದೋ ಅಲ್ಲವೋ ತಿಳಿಯೋದಕ್ಕೆ ಇದ್ದದ್ದೇ ಅದೊಂದು."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯುವವರಲ್ಲ.

ಮಧ್ಯಾಹ್ನ ಮಾಳಮ್ಮ ಬಂದಳು. ಚಿಗರಿ ಕಂಬಳಿಯಲ್ಲಿ ಸುತ್ತಿ ಅವಳ ಹೆಗಲ ಮೇಲಿತ್ತು. ಈಸೂರಿನಿಂದ ಅಷ್ಟು ದೂರ ಹೊತ್ತೇ ತಂದಿದ್ದಳು. "ನಿನ್ನೆಯಿಂದ ಉಣ್ಣವಲ್ದು. ಬೆಲ್ಲದ ನೀರು ಕುಡಿಸಿದ್ರೆ ಕುಡೀತೈತಿ, ಕಾರತೈತಿ," ಅಂದಳು. ನನ್ನನ್ನು ನೋಡಿ, "ಬಾಟ್ಲಿ ಈ ಸರ್ತಿ ಬೂದಿ ಹಾಕಿ ತಿಕ್ಕೀನಿ ಅಣ್ಣ," ಅಂತಲೂ ಅಂದಳು.

ಡಾಕ್ಟರು ನಾಯಿಯ ಬಾಯಿ ಮೂಸಿದರು. ನನಗೂ ಮೂಸಲು ಹೇಳಿದರು. ಕಳಿತು ಹುಳಿಯಾಗುತ್ತಿರುವ ಹಣ್ಣಿನ ವಾಸನೆ. ಉಸಿರು ಓಡಿಬಂದ ನಾಯಿಯ ತೇಕಲ್ಲ, ನಿಧಾನವಾಗಿ, ಆಳದಿಂದ ಸೇದಿ ಸೇದಿ ಬಿಡುತ್ತಿತ್ತು.

"ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುತ್ತಿದ್ದವಾ ತಾಯಿ?"

"ಹೂಂ, ಸಾಲುಗಟ್ಟಿ. ತಿಂಗಳಾತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಈ ಸಲವೂ ಕೊಳವೆಯಲ್ಲಿ ಅದೇ ಇಟ್ಟಿಗೆ ಕೆಂಪು. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಚಿಟಿಕೆ ಹಸುಪುಡಿ ಇಟ್ಟು ಒಂದು ಹನಿ ಬಿಟ್ಟೆ. ಬಿಡುವುದಷ್ಟೇ ತಡ, ಪುಡಿ ನೇರಳೆಗಟ್ಟಿತು. ನೇರಳೆಹಣ್ಣು ತಿಂದ ನಾಲಗೆಯ ಬಣ್ಣ. ಹಸುವಿನಲ್ಲಿ ನಾನು ಅಷ್ಟು ಕಪ್ಪು ನೇರಳೆ ಕಂಡಿರಲಿಲ್ಲ.

"ಬಣ್ಣ ಏನು ಹೇಳತೈತಿ?" ಎಂದಳು ಮಾಳಮ್ಮ.

ಡಾಕ್ಟರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಇದಕ್ಕೆ ಸಿಹಿಮೂತ್ರದ ಕಾಯಿಲೆ ತಾಯಿ. ಉಂಡದ್ದು ಮೈಗೆ ಹತ್ತದೆ ಸಕ್ಕರೆಯಾಗಿ ಉಚ್ಚೇಲಿ ಹೋಗ್ತದೆ. ಆ ಸಕ್ಕರೆ ನೀರನ್ನೂ ಎಳಕೊಂಡು ಹೋಗ್ತದೆ, ಅದಕ್ಕೇ ಆ ಬಾಯಾರಿಕೆ. ಬರಿ ಕೆಂಪಿದ್ದಾಗ ಔಷಧಿಗೆ ಟೈಮಿರ್ತದೆ. ನೇರಳೆ ಬಂತು ಅಂದ್ರೆ ಮೈ ತನ್ನ ಕೊಬ್ಬನ್ನೇ ಸುಡ್ತಾ ಇದೆ, ಆ ಹೊಗೆ ರಕ್ತಕ್ಕೆ ಸೇರಿ ಹುಳಿಯಾಗಿದೆ ಅಂತ."

"ನೇರಳೆ ಯಾವತ್ತು ಬಂದಿರಬೇಕು?"

ಡಾಕ್ಟರು ನನ್ನ ಕಡೆ ನೋಡಲಿಲ್ಲ. "ಹೇಳೋಕಾಗಲ್ಲ," ಅಂದರು. ನಿಜವೂ ಅದೇ. ಸೋಮವಾರದ ಉಚ್ಚೆ ಹಿತ್ತಲ ಮಣ್ಣಿಗೆ ಹೋಗಿತ್ತು.

ಅವರು ಜನರ ಆಸ್ಪತ್ರೆಗೆ ಹೋಗಿ ಬೇಡಿ, ಅಲ್ಲಿದ್ದ ಇನ್ಸುಲಿನ್ನಿನ ಅರ್ಧ ಶೀಶೆ ತಂದರು. ಚರ್ಮದಡಿ ಚುಚ್ಚಿದರು. ಉಪ್ಪುನೀರಿನ ಬಾಟ್ಲಿ ಕಟ್ಟಿ ಕಾಲಿನ ನರಕ್ಕೆ ಹನಿ ಬಿಟ್ಟರು. ಮಾಳಮ್ಮ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜೊತೆ ಮಾತಾಡುತ್ತಲೇ ಇದ್ದಳು. ಯಾವ ಕುರಿ ಕುಂಟುತ್ತಿದೆ, ಯಾವುದು ಮರಿ ಹಾಕಿತು, ತೋಳ ಎಲ್ಲಿ ಕೂಗಿತು, ಎಲ್ಲ ಹೇಳಿದಳು.

ಗುರುವಾರ ಬೆಳಿಗ್ಗೆ ಕಂಬಳಿಯ ಮೇಲೆ ಹೊಯ್ದದ್ದನ್ನು ಹಿಂಡಿ ಮತ್ತೆ ನೋಡಿದೆವು. ಕೊಳವೆ ಕೆಂಪಾಗಲಿಲ್ಲ, ಹಳದಿಯಲ್ಲಿ ನಿಂತಿತು. ಮಾಳಮ್ಮ ಎದ್ದು ಬಂದು ನೋಡಿದಳು.

"ಇಳದೈತಿ ಅಣ್ಣ. ನಿನ್ನೆ ಕೆಂಪಿತ್ತು."

ಹೌದು, ಸಕ್ಕರೆ ಇಳಿದಿತ್ತು. ಬಿಲ್ಲೆಯ ಮೇಲಿನ ಪುಡಿ ನಿನ್ನೆಯಷ್ಟೇ ಕಪ್ಪು ನೇರಳೆಯಾಗಿತ್ತು. ಅವಳು ನೋಡುವ ಮೊದಲು ಅದನ್ನು ಒರೆಸಬೇಕೆನ್ನಿಸಿತು. ಡಾಕ್ಟರು ನನ್ನ ಕೈ ಹಿಡಿದರು. "ಇದು ಇಳಿದಿಲ್ಲ ತಾಯಿ. ಉಸಿರೂ ಹಂಗೇ ಇದೆ," ಎಂದರು. ಅವಳು ಹೋಗಿ ಮತ್ತೆ ತಲೆಯನ್ನು ತೊಡೆಗೆ ಎತ್ತಿಕೊಂಡಳು.

ಮಧ್ಯಾಹ್ನ ಊಟದ ಹೊತ್ತಿಗೆ ಚಿಗರಿ ಹೋಯಿತು.

ಬಸ್ಸಿನವರು ಸತ್ತ ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ನಾನೂ ಜೊತೆಗೆ ನಡೆದೆ. ಸ್ವಲ್ಪ ದೂರ ಅವಳು ಹೊತ್ತಳು, ಸ್ವಲ್ಪ ದೂರ ನಾನು. ಕೊಯ್ದ ಗದ್ದೆಯ ಬದುವಿನ ಮೇಲೆ ಅವಳು ಅಂದಳು:

"ಸೋಮವಾರ ನಾನು ಬಾಟ್ಲಿ ಸರಿಯಾಗಿ ತೊಳದಿದ್ರೆ ಉಳೀತಿತ್ತು, ಅಲ್ಲಾ?"

ಹೂಂ ಅಂದಿದ್ದರೆ ಅವಳು ನಂಬುತ್ತಿದ್ದಳು. ನಾನು ಚಿಗರಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡೆ.

"ಬಾಟ್ಲಿದಲ್ಲ ಮಾಳಮ್ಮ. ಡಾಕ್ಟ್ರು ಪುಡಿ ಹಾಕಿ ನೋಡು ಅಂದಿದ್ರು. ನಾನು ಹಾಕ್ಲಿಲ್ಲ. ಬೆಲ್ಲದ ನೀರು ಕೊಡು ಅಂದವನೂ ನಾನೇ."

ಅವಳು ನಿಂತಳು. ಬೈಯುತ್ತಾಳೆ ಎಂದುಕೊಂಡೆ. "ಸೋಮವಾರ ಹಾಕಿದ್ರೆ?"

"ಎರಡು ದಿನ ಸಿಗ್ತಿತ್ತು. ಉಳೀತಿತ್ತೋ ಇಲ್ಲವೋ ಗೊತ್ತಿಲ್ಲ. ಉಳಿದಿದ್ರೂ ಸಾಯೋವರೆಗೆ ದಿನಾ ಸೂಜಿ. ಆ ಔಷಧಿ ಶಿವಮೊಗ್ಗದಿಂದ ಬರಬೇಕು, ತಂಪಲ್ಲಿ ಇಡಬೇಕು."

"ದಿನಾ ನಡೆದು ಬರ್ತಿದ್ದೆ," ಎಂದಳು. ನನ್ನ ಹೆಗಲಿನಿಂದ ಚಿಗರಿಯನ್ನು ಇಳಿಸಿಕೊಂಡಳು. ಅಲ್ಲಿಂದ ಈಸೂರಿನ ತನಕ ನನಗೆ ಹೊರಲು ಕೊಡಲಿಲ್ಲ.

ಸಣ್ಣಬೀರಪ್ಪ ದೂರದಿಂದಲೇ ನಮ್ಮನ್ನು ಕಂಡ. ಹೆಂಡತಿಯ ಹೆಗಲ ಮೇಲಿನ ಕಂಬಳಿಯನ್ನು ನೋಡಿದ, ನನ್ನನ್ನು ನೋಡಿದ. ಗುದ್ದಲಿ ತಂದು ಬದುವಿನ ಪಕ್ಕದ ಬೀಳು ನೆಲದಲ್ಲಿ ಅಗೆದ. ನಾನು ಅಗೆಯುತ್ತೇನೆ ಅಂದರೆ ಬ್ಯಾಡ ಎಂದು ಕೈಯಾಡಿಸಿದ. ಮಣ್ಣು ಮುಚ್ಚಿ, ಮೇಲೆ ಮುಳ್ಳು ಹೇರಿ, ಅದರ ಮೇಲೆ ಕಲ್ಲಿಟ್ಟ. ಕುರಿಗಳು ಸಾಯಂಕಾಲದ ಹೊತ್ತಿಗೆ ಒಂದೆಡೆ ಸೇರುತ್ತ, ಒಂದರ ಬೆನ್ನಿಗೆ ಒಂದು ತಲೆಯಿಡುತ್ತ ಬರುತ್ತಿದ್ದವು.

"ನೀನು ಮಲಕ್ಕ," ಎಂದ ಹೆಂಡತಿಗೆ. "ಬೆಳ್ಳಿ ಮೂಡಿದಾಗ ಎಬ್ಬಿಸ್ತೀನಿ. ಇನ್ನ ಮ್ಯಾಲೆ ನಾವೇ ಸರದಿ ಎದ್ದಿರಬೇಕು."

ಮಾಳಮ್ಮ ಮಲಗಲಿಲ್ಲ. ಕೋಲು ತೆಗೆದುಕೊಂಡು ಕುರಿಯ ಆಚೆಬದಿಗೆ ನಡೆದಳು.